13ರ ಸ್ಪ್ಯಾನರ್

ಬೆಳಿಗ್ಗೆ ಆರೂವರೆಗೆ ಪಕ್ಕದ ಹೊಲದ ಹುಡುಗ ಫೋನ್ ಮಾಡಿದ. "ದೊಡ್ಡಪ್ಪ, ನಿಮ್ಮ ಸೋಲಾರ್ ಅರ್ಧ ಕಾಣ್ತಾ ಇಲ್ಲ, ಬೇಗ ಬನ್ನಿ" ಅಂದ. ಗಾಳಿಗೆ ಬಿದ್ದಿರಬೇಕು ಅಂದುಕೊಂಡೇ ಬೈಕು ಹತ್ತಿದೆ. ಹಿರಿಯೂರಿನ ಈ ಕಡೆ ನಮ್ಮ ಹೊಲ ಊರಿಗೆ ಎರಡು ಕಿಲೋಮೀಟರ್ ದೂರ. ರಾತ್ರಿ ಅಲ್ಲಿ ನಾಯಿಯೂ ಇರುವುದಿಲ್ಲ.

ಐದು ಎಚ್‌ಪಿ ಸೋಲಾರ್ ಪಂಪ್‌ಸೆಟ್, 330 ವ್ಯಾಟ್‌ನ 15 ಪ್ಯಾನೆಲ್. ಅದರಲ್ಲಿ ಒಂಬತ್ತು ಹೋಗಿದ್ದವು. ಕಬ್ಬಿಣದ ಚೌಕಟ್ಟು ಮಾತ್ರ ಬರಿ ಪಕ್ಕೆಲುಬಿನ ಹಾಗೆ ನಿಂತಿತ್ತು. ಪ್ರತಿ ಪ್ಯಾನೆಲ್‌ನ ತಂತಿಯನ್ನು ಗೇಣು ಬಿಟ್ಟು ಕತ್ತರಿಸಿದ್ದರು. ರಾತ್ರಿ ಪ್ಯಾನೆಲ್‌ನಲ್ಲಿ ಕರೆಂಟ್ ಇರುವುದಿಲ್ಲವಲ್ಲ, ಕತ್ತರಿಸುವುದಕ್ಕೆ ಭಯವೇನು? ಕಂಬದ ಬುಡದಲ್ಲಿ ನಟ್ಟುಗಳನ್ನು ಗುಡ್ಡೆ ಹಾಕಿದ್ದರು. ಎಣಿಸಿದೆ, 36. ಒಂದಕ್ಕೂ ಗೀರು ಬಿದ್ದಿರಲಿಲ್ಲ. ನನ್ನ ಬೈಕಿನ ಟೂಲ್ ಬಾಕ್ಸಿನಲ್ಲೇ ಇರುವ 13ರ ಸ್ಪ್ಯಾನರ್ ತೆಗೆದು ಒಂದಕ್ಕೆ ಕೂರಿಸಿ ನೋಡಿದೆ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಿಚ್ಚಿಕೊಂಡು ಹೋಗಿದ್ದರು.

ಉಳಿದ ಆರರಿಂದ ಪಂಪು ತಿರುಗಲಿಲ್ಲ. 15 ಪ್ಯಾನೆಲ್ ಸಾಲಾಗಿ ಸೇರಿದರೆ ಬರುವ ವೋಲ್ಟೇಜಿಗೆ ಮಾಡಿದ ಕಂಟ್ರೋಲರ್ ಅದು. ಆರಕ್ಕೆ ಕಣ್ಣೇ ಬಿಡುವುದಿಲ್ಲ. ಮಾರ್ಚ್ ತಿಂಗಳು, ದಾಳಿಂಬೆಯಲ್ಲಿ ಕಾಯಿ ನಿಂತಿತ್ತು. ಟ್ಯಾಂಕರ್ ನೀರು ಹೊಡೆಸಿ ಗಿಡ ಉಳಿಸಿಕೊಂಡೆ, ಕಾಯಿ ಉಳಿಯಲಿಲ್ಲ.

ಠಾಣೆಯಲ್ಲಿ ಕೇಳಿದ ಮೊದಲ ಪ್ರಶ್ನೆಗೇ ನನ್ನಲ್ಲಿ ಉತ್ತರವಿರಲಿಲ್ಲ: ಕಳುವಾದ ಪ್ಯಾನೆಲ್‌ಗಳ ನಂಬರ್ ಏನು? ಪ್ರತಿ ಪ್ಯಾನೆಲ್‌ಗೂ ಒಂದು ಸೀರಿಯಲ್ ನಂಬರ್ ಇರುತ್ತದೆ. ಹಿಂಬದಿಯ ಸ್ಟಿಕ್ಕರಿನಲ್ಲಿ, ಬಹಳಷ್ಟರಲ್ಲಿ ಗಾಜಿನ ಒಳಗೂ. ಒಳಗಿನದನ್ನು ಕಿತ್ತು ಹಾಕಲಾಗುವುದಿಲ್ಲ. ನನ್ನ ಬಿಲ್ಲಿನಲ್ಲಿ ಇದ್ದದ್ದು "ಪ್ಯಾನೆಲ್ 15" ಅಂತ ಅಷ್ಟೆ. ವಿಮೆಯವರೂ ಅದನ್ನೇ ಕೇಳಿದರು. ಅಳವಡಿಸಿದ ಕಂಪನಿಯ ಹಳೆಯ ಲಾರಿ ಚೀಟಿಯಿಂದ ನಂಬರ್ ಪಟ್ಟಿ ಹುಡುಕಿಸುವಷ್ಟರಲ್ಲಿ ಎರಡು ತಿಂಗಳು ಕಳೆಯಿತು. ಅದೇ ಕಾಗದಗಳ ನಡುವೆ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಪ್ರತಿ ಪ್ಯಾನೆಲ್‌ನ ಎದುರುಬದುರು ಎರಡು ಮೂಲೆಗೆ ಕಳ್ಳರಿಗೆ ಬಿಚ್ಚಲಾಗದ ಬೋಲ್ಟ್ ಹಾಕಬೇಕು ಎಂದು ಬರೆದಿತ್ತು. ಹಾಕಿರಲಿಲ್ಲ. ಸಹಿ ಹಾಕುವಾಗ ನಾನೂ ನೋಡಿರಲಿಲ್ಲ.

ಹೊಸ ಪ್ಯಾನೆಲ್ ಬಂದಾಗ ಆ ಕೆಲಸ ನಾನೇ ನಿಂತು ಮಾಡಿಸಿದೆ. ತರಿಸಿದ್ದು ತಲೆ ಮುರಿಯುವ ಸ್ಟೀಲ್ ನಟ್ಟು. ನೋಡಲು ಸಣ್ಣ ಗೋಪುರದ ಹಾಗಿರುತ್ತದೆ: ಕೆಳಗೆ ಜಾರುವ ಶಂಕುವಿನ ಆಕಾರ, ಅದರ ಮೇಲೆ ಆರು ಮೂಲೆಯ ತಲೆ. ಸ್ಪ್ಯಾನರ್ ಹಾಕಿ ತಿರುಗಿಸುತ್ತಾ ಹೋದರೆ ಸಾಕಷ್ಟು ಬಿಗಿಯಾದ ಕೂಡಲೇ ಕುತ್ತಿಗೆ 'ಟಕ್' ಎಂದು ಮುರಿದು ತಲೆ ಕೈಗೆ ಬರುತ್ತದೆ. ಉಳಿದ ಶಂಕುವಿಗೆ ಸ್ಪ್ಯಾನರ್ ಕೂರುವುದಿಲ್ಲ, ಜಾರುತ್ತದೆ.

ಮೊದಲ ದಿನವೇ ಎಡವಿದೆವು. ಫಿಟ್ಟರ್ ಹುಡುಗ ಬ್ಯಾಟರಿ ಡ್ರಿಲ್ಲಿನಲ್ಲಿ 'ಭರ್ರ್' ಎಂದು ತಿರುಗಿಸಿದ. ಸ್ಟೀಲ್ ಬೋಲ್ಟಿಗೆ ಸ್ಟೀಲ್ ನಟ್ಟು ವೇಗವಾಗಿ ತಿರುಗಿದರೆ ಮರೆ ಬಿಸಿಯಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ನಾಲ್ಕು ನಟ್ಟು ಹಾಗೆ ಅರ್ಧದಲ್ಲೇ ಹಿಡಿದು, ತಲೆ ಮುರಿದುಬಿತ್ತು. ಹೊರಗಿನಿಂದ ನೋಡಿದರೆ ಕೆಲಸ ಮುಗಿದಂತೆ. ಪ್ಯಾನೆಲ್ ಹಿಡಿದು ಅಲುಗಾಡಿಸಿದರೆ ಲಟಲಟ. ನಾಲ್ಕನ್ನೂ ಗ್ರೈಂಡರ್‌ನಲ್ಲಿ ಕತ್ತರಿಸಬೇಕಾಯಿತು. ಆಮೇಲೆ ಮರೆಗೆ ಕಚ್ಚದಂತೆ ಹಚ್ಚುವ ಪೇಸ್ಟ್ ಸವರಿ, ಕೈಯಲ್ಲೇ ನಿಧಾನ ತಿರುಗಿಸಿದೆವು. ಒಂದೂ ಹಿಡಿಯಲಿಲ್ಲ.

ಇನ್ನೊಂದು ವಿಷಯ ಹೊಳೆದದ್ದು ಬೋಲ್ಟಿನ ಕೆಳಗೆ ಅಂಗಾತ ಮಲಗಿದಾಗ. ನಟ್ಟಿಗೆ ಬೀಗ ಹಾಕಿದೆವು ಸರಿ, ಬೋಲ್ಟಿನ ಆ ಕಡೆಯ ತಲೆ? ಅದು ಮಾಮೂಲಿ ಆರು ಮೂಲೆಯದೇ. ಶಂಕುವನ್ನು ಪಟ್ಟು ಹಿಡಿಯುವ ಇಕ್ಕಳದಲ್ಲಿ ಒತ್ತಿ ಹಿಡಿದು, ತಲೆಯನ್ನು ತಿರುಗಿಸಿದರೆ ಮುಗಿಯಿತು. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲು ತೆರೆದಿಟ್ಟ ಹಾಗೆ. ಅದಕ್ಕೆ ಆ ಬೋಲ್ಟುಗಳನ್ನು ಬಿಟ್ಟು, ಬೋರಲು ಬಟ್ಟಲಿನಂಥ ತಲೆಯ ಆಲನ್ ಬೋಲ್ಟ್ ತಂದೆ. ಎಂಟು ಎಂಎಂ ಬೋಲ್ಟು, ತಲೆಯ ಗುಳಿಗೆ ಐದು ಎಂಎಂ ಆಲನ್ ಕೀ. ಆ ಕೀಯಲ್ಲಿ ಹಿಡಿದುಕೊಂಡು ನಟ್ಟು ಬಿಗಿ ಮಾಡಿ, ಆಮೇಲೆ ಗುಳಿಯಲ್ಲಿ ಅರಾಲ್ಡೈಟ್ ತುಂಬಿ ಒಂದು ಸೈಕಲ್ ಬಾಲ್ಸು ಒತ್ತಿದೆ. ಮುಂದಿನ ಚಕ್ರದ ಸಣ್ಣ ಬಾಲ್ಸು ಆ ಗುಳಿಗೆ ಅಳತೆ ತೆಗೆದು ಮಾಡಿಸಿದಂತಿದೆ. ಹಿಂದಿನ ಚಕ್ರದ್ದು ದಪ್ಪ, ಹೋಗುವುದಿಲ್ಲ. ಡ್ರಿಲ್ ಹಾಕಿದರೂ ಆ ಗಟ್ಟಿ ಗುಂಡಿನ ಮೇಲೆ ಮೊನೆ ಜಾರುತ್ತದೆ. ಸುತ್ತಿಗೆ ಮಾತ್ರ ಮುಟ್ಟಬಾರದು. ಒಂದೇ ಏಟಿಗೆ ಗಾಜು ಹೋಗದಿದ್ದರೂ ಒಳಗಿನ ಸೆಲ್ಲು ಕೂದಲೆಳೆಯಷ್ಟು ಬಿರಿಯಬಹುದು.

"ಇಷ್ಟೆಲ್ಲ ಯಾಕಣ್ಣ, ವೆಲ್ಡಿಂಗ್ ಹೊಡೆದರೆ ಆಯಿತು" ಎಂದವರಿದ್ದರು. ಪ್ಯಾನೆಲ್‌ನ ಅಂಚು ಅಲ್ಯೂಮಿನಿಯಂ, ಚೌಕಟ್ಟು ಕಬ್ಬಿಣ, ಎರಡೂ ಬೆಸೆಯುವುದಿಲ್ಲ. ನಟ್ಟಿಗೆ ಹೊಡೆದರೆ ಸತುವಿನ ಲೇಪ ಸುಟ್ಟು ಅಲ್ಲಿಂದಲೇ ತುಕ್ಕು ಶುರು.

ಎಲ್ಲ ನಾಲ್ಕು ಮೂಲೆಗೂ ಹಾಕಲಿಲ್ಲ, ಎರಡಕ್ಕೇ ಹಾಕಿದೆ. ಯಾಕೆಂದರೆ ನಾಳೆ ಪ್ಯಾನೆಲ್ ಕೆಟ್ಟರೆ ಬಿಚ್ಚಬೇಕಾದವನು ನಾನೇ. ಕಲ್ಲು ಬಿದ್ದು ಒಂದು ಒಡೆದಾಗ ಆ ಎರಡು ಬೋಲ್ಟ್ ಕತ್ತರಿಸಲು ಮುಕ್ಕಾಲು ಗಂಟೆ ಹಿಡಿಯಿತು, ಅದೂ ಹಾಡುಹಗಲು, ಪಕ್ಕದ ಗಾಜಿಗೆ ಕಿಡಿ ತಾಗದಂತೆ ಒದ್ದೆ ಗೋಣಿಚೀಲ ಹೊದಿಸಿ.

ಬೇಲಿಯ ಬ್ಯಾಟರಿ ಕಥೆ ಚಿಕ್ಕದು. ಹಂದಿ ಕಾಟಕ್ಕೆ ಹಾಕಿದ್ದ ಝಟ್ಕಾ ಬೇಲಿಯ 12 ವೋಲ್ಟ್ ಬ್ಯಾಟರಿ ಎರಡು ಸಲ ಹೋಯಿತು. ಸೀಸಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆ. ಕರಗಿಸಿದ ಮೇಲೆ ಹೆಸರಿಲ್ಲ, ಗುರುತಿಲ್ಲ. ಈಗ ಅದು ಕಬ್ಬಿಣದ ಪೆಟ್ಟಿಗೆಯೊಳಗೆ ಕಾಂಕ್ರೀಟಿಗೆ ಹೂತ ಬೋಲ್ಟಿನ ಮೇಲೆ ಕೂತಿದೆ. ಪೆಟ್ಟಿಗೆಗೆ ಮೇಲೆ ಕೆಳಗೆ ತೂತು ಬಿಡಿಸಿದ್ದೇನೆ. ಚಾರ್ಜ್ ಆಗುವಾಗ ಬರುವ ಅನಿಲ ಮುಚ್ಚಿದ ಜಾಗದಲ್ಲಿ ತುಂಬಿಕೊಂಡರೆ ಒಂದು ಕಿಡಿ ಸಾಕು, ಪೆಟ್ಟಿಗೆಯೇ ಸಿಡಿಯುತ್ತದೆ.

ಪ್ಯಾನೆಲ್ ಕಳ್ಳರು ಮತ್ತೆ ಬಂದರು. ಮರುವರ್ಷ ದೀಪಾವಳಿ ಅಮಾವಾಸ್ಯೆ ಕಳೆದ ಬೆಳಿಗ್ಗೆ ಮೂರು ಪ್ಯಾನೆಲ್‌ಗಳ ಮಾಮೂಲಿ ನಟ್ಟು, ಎರಡೆರಡರಂತೆ ಆರು, ನೆಲದ ಮೇಲಿದ್ದವು. ಎದುರು ಮೂಲೆಗಳ ಶಂಕುವಿನ ಮೇಲೆ ಇಕ್ಕಳ ಜಾರಿದ ಹೊಳೆಯುವ ಗೀರುಗಳು. ಒಂದು ಬಾಲ್ಸಿನ ಸುತ್ತ ಅರಾಲ್ಡೈಟ್ ಕೆರೆದು ಕೈಬಿಟ್ಟಿದ್ದರು. ಹೊಟ್ಟೆಯುರಿಗೆ ಒಂದು ತಂತಿ ಕತ್ತರಿಸಿ ಹೋಗಿದ್ದರು. ಪ್ಯಾನೆಲ್ 15ಕ್ಕೆ 15 ಇದ್ದವು.

ಬ್ಯಾಟರಿ ಗ್ರೈಂಡರ್ ತಂದಿದ್ದರೆ ಇವೂ ಹೋಗುತ್ತಿದ್ದವು, ಸುಳ್ಳು ಹೇಳುವುದಿಲ್ಲ. ಆದರೆ 30 ಬೋಲ್ಟ್ ಕತ್ತರಿಸುವ ಸದ್ದು, ಕಿಡಿ ರಾತ್ರಿ ಹೊತ್ತು ಎಷ್ಟು ದೂರ ಹೋಗುತ್ತದೆ ಎಂಬುದು ಅವರಿಗೂ ಗೊತ್ತು. ಅಂದು ನಾನು ಹೋಗಿ ನೋಡದಿದ್ದರೆ ಎರಡೇ ಬೋಲ್ಟಿನ ಮೇಲೆ ನಿಂತ ಆ ಮೂರು ಪ್ಯಾನೆಲ್‌ಗಳನ್ನು ಗಾಳಿಯೇ ಕಿತ್ತು ಹಾಕುತ್ತಿತ್ತು. ಆದ್ದರಿಂದ ತಿಂಗಳಿಗೊಮ್ಮೆ ಒಂದೊಂದನ್ನೂ ಅಲುಗಾಡಿಸಿ ನೋಡುತ್ತೇನೆ.

ನಿಮ್ಮ ಹೊಲದಲ್ಲೂ ಸೋಲಾರ್ ಇದ್ದರೆ ಇವತ್ತು ಸಂಜೆ 13ರ ಸ್ಪ್ಯಾನರ್ ಹಿಡಿದು ಹೋಗಿ, ನಟ್ಟಿಗೆ ಕೂರಿಸಿ ನೋಡಿ. ಹಾಗೆಯೇ ಪ್ಯಾನೆಲ್‌ನ ಹಿಂದಿನ ನಂಬರುಗಳ ಫೋಟೊ ತೆಗೆದುಕೊಂಡು ಬನ್ನಿ.