ಎರಡು ಗೆರೆಗಳ ನಡುವೆ

ಭರಮಸಾಗರದ ಹೆದ್ದಾರಿ ಬದಿಯ ಗೆಳೆಯನ ಅಂಗಡಿಯಲ್ಲಿ ಎಸ್ಪ್ರೆಸೊ ಮೊಂಡು ಹಿಡಿದಿತ್ತು. 18 ಗ್ರಾಂ ಪುಡಿ ಹಾಕಿದರೆ 36 ಗ್ರಾಂ ಡಿಕಾಕ್ಷನ್ 16 ಸೆಕೆಂಡಿಗೇ ಸುರಿದುಬಿಡುತ್ತದೆ, ತೆಳು, ಹುಳಿ. ಗ್ರೈಂಡರನ್ನು ಒಂದು ಗೆರೆ ನುಣ್ಣಗೆ ಮಾಡಿದರೆ 45 ಸೆಕೆಂಡಾದರೂ ಬರೀ ತೊಟ್ಟು.

ಅವನಿಗೆ ಬೇಕಾದ ನುಣುಪು ಆ ಎರಡು ಗೆರೆಗಳ ನಡುವೆ ಇತ್ತು, ಗ್ರೈಂಡರಿನಲ್ಲಿ ಇರಲಿಲ್ಲ. ಇಂಥಲ್ಲಿ ನುಣ್ಣನೆಯ ಗೆರೆಯನ್ನೇ ಇಟ್ಟುಕೊಂಡು ಪುಡಿ ಕಡಿಮೆ ಮಾಡಬೇಕು. 17 ಗ್ರಾಂ ಹಾಕಿದೆವು. ಪುಡಿಯ ಪದರ ತೆಳುವಾದಷ್ಟೂ ನೀರಿಗೆ ತಡೆ ಕಡಿಮೆ. 34 ಗ್ರಾಂ 28 ಸೆಕೆಂಡಿಗೆ ಇಳಿಯಿತು.

ಹುಳಿ ಇನ್ನೂ ಸ್ವಲ್ಪ ಉಳಿದಿತ್ತು. ಪುಡಿ, ಗೆರೆ ಮುಟ್ಟದೆ 38 ಗ್ರಾಂವರೆಗೆ ಇಳಿಯಲು ಬಿಟ್ಟೆವು. ಸಿಹಿ ಬಂತು. ಇನ್ನೂ ಬಿಟ್ಟರೆ ಕಹಿ, ನೀರು ನೀರು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕುಡಿದು ನೋಡಿ. ಹೊಸ ಬೀಜದ ಚೀಲ ಬಿಚ್ಚಿದಾಗ ಮತ್ತೆ ಅಳತೆ ನೋಡಲೇಬೇಕು.