ಮಲ್ಲಿಗೆ ಇನ್ನೂ ಮೊಗ್ಗು

ಕಳೆದ ಶ್ರಾವಣದಲ್ಲಿ ಗೆಳೆಯನೊಬ್ಬ ನಾಲ್ಕು ಫೋಟೋ ಕಳಿಸಿದ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ನಾಲ್ಕೂ ಕಡೆ ನಸುಕಿನಲ್ಲಿ ಹೂ ಮಾರುವವರದು. ಊರಿನ ಒಂದು ಸಣ್ಣ ಪ್ರದರ್ಶನಕ್ಕೆ ಪ್ರತಿ ಚಿತ್ರದ ಕೆಳಗೂ ಎರಡು ಸಾಲು ಬೇಕಿತ್ತು. ಇದೇನು ಮಹಾ ಕೆಲಸ ಅಂದುಕೊಂಡು ಹಾನಗಲ್ಲಿನ ಚಿತ್ರ ಎದುರಿಟ್ಟುಕೊಂಡೆ. ಬಲ್ಬಿನ ಕೆಳಗೆ ಒಬ್ಬ ಹೆಂಗಸು, ಸುತ್ತ ಹೂವಿನ ಬುಟ್ಟಿಗಳು, ಹಿಂದೆ ಇನ್ನೂ ಕಪ್ಪಗಿರುವ ರಸ್ತೆ. ಹತ್ತು ನಿಮಿಷದಲ್ಲಿ ಬರೆದು ಮುಗಿಸಿದೆ: ‘ಸುಂದರ ಮುಂಜಾವಿನಲ್ಲಿ ಘಮಘಮಿಸುವ ಮಲ್ಲಿಗೆ, ಮನಮೋಹಕ ಹೂಗಳ ವರ್ಣಮಯ ಲೋಕ.’

ನಮ್ಮವ್ವ ಸವಣೂರಿನಲ್ಲಿ ಬಹಳ ವರ್ಷ ಹೂ ಕಟ್ಟಿದವಳು. ಈಗ ಕಣ್ಣು ಮಂಜು, ಫೋಟೋ ಹಿಡಿದರೆ ಬೆಳಕು ನೆರಳು ಬಿಟ್ಟು ಬೇರೇನೂ ಕಾಣುವುದಿಲ್ಲ. ಅವಳಿಗೆ ನನ್ನ ಸಾಲು ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ಚಂದ ಅಂದ್ರ ಯಾವ ಹೂವಪ್ಪಾ? ಮತ್ತ ನಸುಕಿನ್ಯಾಗ ಮಲ್ಲಿಗಿ ಎಲ್ಲಿ ವಾಸನಿ ಬರತೈತಿ? ಮೊಗ್ಗ ಇರತೈತಿ. ನೀ ಅಲ್ಲಿಗೆ ಹೋಗಿದ್ದಿಲ್ಲೇನು?”

ನಾನು ಹೋಗಿರಲಿಲ್ಲ. ಹೋಗದೆ ಬರೆದದ್ದು ಅವಳಿಗೆ ಕಿವಿಯಲ್ಲೇ ಗೊತ್ತಾಗಿತ್ತು. ಇನ್ನೊಂದು ಮಾತೂ ಹೊಳೆಯಿತು: ಆ ಸಾಲನ್ನು ಹಿರೇಕೆರೂರಿನ ಚಿತ್ರದ ಕೆಳಗಿಟ್ಟರೂ ನಡೆಯುತ್ತಿತ್ತು. ನಾಲ್ಕೂ ಚಿತ್ರಕ್ಕೆ ಒಗ್ಗುವ ಸಾಲು ಯಾವ ಚಿತ್ರದ್ದೂ ಅಲ್ಲ.

ಮರುವಾರ ಗೆಳೆಯನ ಜೊತೆ ಹಾನಗಲ್ಲಿಗೆ ಹೋದೆ. ಐದೂವರೆ ಗಂಟೆ, ರಾತ್ರಿ ಮಳೆ ಬಂದು ನಿಂತಿತ್ತು. ಮೊದಲು ಬಣ್ಣ ನೋಡಿದೆ. ಫೋಟೋದಲ್ಲಿ ಒಂದು ಬುಟ್ಟಿಯ ಸೇವಂತಿ ಹಳದಿ. ಅಲ್ಲಿ ಬಗ್ಗಿ ನೋಡಿದರೆ ಬಿಳಿ. ಬಲ್ಬಿನ ಬೆಳಕೇ ಹಳದಿ, ಅದು ಬಿಳಿಗೆ ಅಂಟಿಕೊಂಡಿತ್ತು. ನಮ್ಮ ಕಣ್ಣು ಎದುರಿಗಿದ್ದಾಗ ಆ ಹಳದಿಯನ್ನು ಕಳೆದು ನೋಡುತ್ತದೆ, ಕ್ಯಾಮೆರಾಕ್ಕೆ ಅದನ್ನು ಹೇಳಿಕೊಡಬೇಕು. ಬಲ್ಬಿನಿಂದ ದೂರ ಇದ್ದ ಕೆಂಪು ಗುಲಾಬಿ ಕಪ್ಪಾಗಿ ಕಾಣುತ್ತಿತ್ತು. ಮಬ್ಬಿನಲ್ಲಿ ಎಲ್ಲಕ್ಕಿಂತ ಮೊದಲು ಮುಳುಗುವ ಬಣ್ಣ ಕೆಂಪು. ಬೆಳಕು ಹರಿದ ಮೇಲೆ ಅದು ತನ್ನ ಕೆಂಪಿಗೆ ಬಂತು.

ಆಮೇಲೆ ವಾಸನೆ. ಕಣ್ಣು ಮುಚ್ಚಿ ಬುಟ್ಟಿಯಿಂದ ಬುಟ್ಟಿಗೆ ಸರಿದೆ. ಅಬ್ಬಲಿಗೆ ಕೆಂಡದ ಬಣ್ಣದ್ದು, ಮೂಗಿಗೆ ಏನೂ ಇಲ್ಲ. ಅದು ಬರೀ ಕಣ್ಣಿನ ಹೂವು. ಅದಕ್ಕೇ ಮಾಲೆಯಲ್ಲಿ ಅದರ ನಡುನಡುವೆ ಮರುಗದ ಕುಡಿ ಸೇರಿಸುತ್ತಾರೆ. ಚೆಂಡುಹೂವಿನ ವಾಸನೆ ಎಸಳಿಗಿಂತ ತೊಟ್ಟು, ಎಲೆಗಳಲ್ಲಿ ಹೆಚ್ಚು. ತೊಟ್ಟು ಮುರಿದಾಗ ಗಪ್ಪಂತ ಬರುತ್ತದೆ. ಮಲ್ಲಿಗೆ ಅವ್ವ ಹೇಳಿದಂತೆಯೇ ಇತ್ತು. ಒದ್ದೆ ಬಟ್ಟೆಯ ಕೆಳಗೆ ತುದಿ ಮುಚ್ಚಿದ ಮೊಗ್ಗು. ಮೂಗು ಹತ್ತಿರ ಒಯ್ದರೆ ಹಸಿ ಕಾಯಿಯ ವಾಸನೆ, ಅಷ್ಟೇ. ಅದು ಬಿರಿಯುವುದು ಸಂಜೆ, ಪರಿಮಳ ಹೊರಡುವುದೂ ಬಿರಿಯುವಾಗಲೇ. ಬಿರಿಯುವ ಹೊತ್ತಿಗೆ ಅದು ಬುಟ್ಟಿಯಲ್ಲಿರುವುದಿಲ್ಲ, ಯಾರದೋ ಹೆರಳಿನಲ್ಲಿರುತ್ತದೆ. ಮಾರುವವಳು ಕೊಡುವುದು ಮೊಗ್ಗನ್ನು, ಪರಿಮಳ ಕೊಂಡವರ ಪಾಲು.

ಹೂ ಕಟ್ಟುತ್ತಿದ್ದ ಆ ಹೆಂಗಸು ನನ್ನನ್ನು ನೋಡಿ ನಕ್ಕಳು. “ಯಾಕ್ರಿ ಅಣ್ಣಾರ, ಎಲ್ಲಾನೂ ಮೂಸಿ ನೋಡಾಕತ್ತೀರಿ? ದೇವರಿಗೆ ಒಯ್ಯೂ ಹೂವರಿ ಇವು!” ಮೂಸಿದ ಹೂ ದೇವರಿಗೆ ಸಲ್ಲುವುದಿಲ್ಲ. ನಾಚಿಕೆಯಾಗಿ ನಾನು ಮೂಸಿದ್ದನ್ನೆಲ್ಲ ಕೊಂಡೆ.

ಬಸ್ಸಿನಲ್ಲಿ ಕೂತು ಹಳೆಯ ಸಾಲು ತೆಗೆದೆ. ಸುಂದರ, ಮನಮೋಹಕ, ವರ್ಣಮಯ, ಮೂರೂ ಹೊಡೆದು ಹಾಕಿದೆ. ಅವು ನನ್ನ ಮೆಚ್ಚುಗೆಯನ್ನು ಹೇಳುತ್ತಿದ್ದವೇ ಹೊರತು ಹೂವನ್ನಲ್ಲ. ‘ಘಮಘಮಿಸುವ’ ಅನ್ನುವುದು ಸುಳ್ಳಾಗಿತ್ತು, ಅದೂ ಹೋಯಿತು. ಬಿಳಿ, ಹಳದಿ ಉಳಿಸಿಕೊಂಡೆ. ಅವು ಹೊಗಳಿಕೆಯಲ್ಲ, ಹೋಗಿ ನೋಡಿ ಸರಿಯೋ ತಪ್ಪೋ ಹೇಳಬಹುದು. ಚಿತ್ರದಲ್ಲಿ ಕಾಣುವುದನ್ನು ಮತ್ತೆ ಹೇಳುವುದು ಬೇಡ, ಚಿತ್ರ ತಪ್ಪಾಗಿ ತೋರಿಸಿದ್ದನ್ನು ತಿದ್ದಬೇಕು, ತೋರಿಸಲಾರದ ವಾಸನೆಯನ್ನು ಹೇಳಬೇಕು. ಹೀಗೆ ಬರೆದೆ:

‘ಹಾನಗಲ್, ಬೆಳಗಿನ ಐದೂವರೆ. ಬಲ್ಬಿನ ಕೆಳಗಿನ ಹಳದಿ ಸೇವಂತಿ ಬೆಳಕು ಹರಿದರೆ ಬಿಳಿ. ಮರುಗ, ಮುರಿದ ಚೆಂಡುಹೂವಿನ ತೊಟ್ಟು ಮೂಗಿಗೆ ಬರುತ್ತಿವೆ. ಮಲ್ಲಿಗೆ ಇನ್ನೂ ಮೊಗ್ಗು.’

ಸಂಜೆ ಅವ್ವನಿಗೆ ಓದಿದೆ. ಕೈಯಲ್ಲಿ ನಾನು ತಂದ ಮಲ್ಲಿಗೆ ಹಿಡಿದು ಕೂತಿದ್ದಳು, ಮೊಗ್ಗುಗಳು ಒಂದೊಂದೇ ಬಿರಿಯುತ್ತಿದ್ದವು. ಚಂದ ಇದೆ ಅನ್ನಲಿಲ್ಲ. “ಮಳಿ ಬಂದಿತ್ತೇನು? ಗೋಣಿಚೀಲ ತೊಯ್ದಿದ್ದಾವು” ಅಂದಳು.

ಹೌದು, ತೊಯ್ದಿದ್ದವು. ಅದನ್ನು ನಾನು ಬರೆದಿರಲಿಲ್ಲ. ಇನ್ನು ಮೂರು ಚಿತ್ರ ಉಳಿದಿವೆ, ಮೂರು ನಸುಕು.