ಹಲಗೆಯ ಸೊನ್ನೆ



ಜ್ವರದಿಂದ ಶಾಲೆ ತಪ್ಪಿಸಿಕೊಂಡ ಮೊಮ್ಮಗಳಿಗಾಗಿ ಮಲಪನಗುಡಿಯ ನಮ್ಮ ಮನೆಗೆ ಕರಿಹಲಗೆಯ ಛಾಯಾಚಿತ್ರವೊಂದು ಬಂದಿತು. ನಾನು ನೋಡಿ, “ಕಂದ ತೆರೆಯಿತು” ಎಂದು ಬರೆದುಕೊಟ್ಟೆನು.

“ಅಜ್ಜಾ, ಕಂದ ಹೆಂಗ ತೆರಿತೈತಿ?” ಎಂದಳು.

ಚಿತ್ರವನ್ನು ಹಿಗ್ಗಿಸಿದೆನು. ಇಂದಿನ ಅಕ್ಷರಗಳ ಅಂಚು ಸ್ಪಷ್ಟವಾಗಿತ್ತು. ಸುಣ್ಣದ ಗೆರೆಯೊಳಗೆ ಹಲಗೆಯ ಕಪ್ಪು ಚುಕ್ಕೆಗಳಿದ್ದವು. ಸೊನ್ನೆಯಾದರೋ ಮಸುಕಾಗಿ, ಒರೆಸಿದ ಜಾಡಿನಲ್ಲಿ ಹರಡಿತ್ತು. ಕ, ದ ಅಕ್ಷರಗಳಡಿ 2 ಮತ್ತು 5ರ ನೆರಳೂ ಕಂಡಿತು. ಸೊನ್ನೆಯು ಹಿಂದಿನ ಲೆಕ್ಕದ 205ಕ್ಕೆ ಸೇರಿದ್ದು, ಪದವು “ಕದ”.

ಕೆಳಗೆ ಅರ್ಧ ಅಳಿಸಿದ ಸಾಲಿನ “ದರು” ಮಾತ್ರ ಹೊಳೆಯುತ್ತಿತ್ತು. ಹೊಳಪೊಂದೇ ಪ್ರಮಾಣವಲ್ಲ. ಅದರ ಮೊದಲರ್ಧವನ್ನು ಒರೆಸಿದ ಜಾಡಿನ ಮೇಲೆಯೇ ಹೊಸ ಬರಹವಿತ್ತು. ಆದ್ದರಿಂದ ಅದನ್ನೂ ಬಿಟ್ಟೆನು. ಜಾಡು ಬರಿದಾಗಿದ್ದರೆ ಗುರುಗಳನ್ನು ಕೇಳದೆ ಬರೆಯಲಾಗದು.